ಒಳಬಾಡಿಗೆಗೆ ‘ಆಯ್ತು’ ಎನ್ನುವ ಮುನ್ನ

‘ಸರ್, ಒಂದು ರೂಮು ಖಾಲಿ ಇದೆ, ಗೆಳೆಯನಿಗೆ ಬಾಡಿಗೆಗೆ ಕೊಡಲಾ?’ ಎಂದು ಬೆಂಗಳೂರಿನ ಬಾಡಿಗೆದಾರ ವಾಟ್ಸಾಪ್ ಕಳಿಸುತ್ತಾನೆ. ‘ನೋಡೋಣ’ ಎನ್ನುವುದು ಮಾಲೀಕರ ಮಾಮೂಲಿ ಉತ್ತರ. ಜಗಳ ಹುಟ್ಟುವುದೂ ಅಲ್ಲೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಗಳಲ್ಲಿ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆ ಮನೆ ಖಾಲಿ ಮಾಡಿಸಲು ಕಾರಣವಾಗಬಹುದು. ಹೆಚ್ಚು ಬಾಡಿಗೆಯ ಮನೆಗಳು ಆ ಕಾಯ್ದೆಯ ಹೊರಗಿವೆ. ಅಲ್ಲಿ ಕರಾರುಪತ್ರದ ಮಾತೇ ಮುಖ್ಯ.

ಒಪ್ಪುವುದಾದರೆ ಹೀಗೆ ಬರೆಯಬಹುದು: ‘ನಿಮ್ಮ ಗೆಳೆಯರು ಹಿಂದಿನ ಕೋಣೆಯಲ್ಲಿ ಮಾರ್ಚ್ ಕೊನೆಯವರೆಗೆ ಇರಬಹುದು. ಪೂರ್ತಿ ಬಾಡಿಗೆ, ಕರೆಂಟ್ ಬಿಲ್ಲು, ಹಾನಿ ಎಲ್ಲಕ್ಕೂ ನೀವೇ ಹೊಣೆ. ನಿಮ್ಮ ಕರಾರು ಮುಗಿದ ದಿನ ಅವರೂ ಖಾಲಿ ಮಾಡಬೇಕು.’ ಗೆಳೆಯನ ಹೆಸರು, ಇಬ್ಬರ ಸಹಿ, ತಾರೀಕು ಇರಲಿ. ಆ ಕೊನೆಯ ವಾಕ್ಯ ಬಿಟ್ಟುಹೋದರೆ, ಬಾಡಿಗೆದಾರ ಹೋದಮೇಲೂ ಗೆಳೆಯ ಕದಲದೆ ಕೂತಾನು.