ನಾಲ್ಕಕ್ಕೆ ಎರಡೂವರೆ ಬಂದಾಗ ಶಾಲೆಗೆ ಬರೆಯುವ ಪತ್ರ

ದಸರಾ ರಜೆ ಮುಗಿದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಪೋಷಕರ ಸಹಿಗೆಂದು ಮನೆಗೆ ಬಂದಾಗ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ಇಷ್ಟೆಲ್ಲಾ ಬರೆದಿದ್ದಾಳೆ, ಅಂಕ ಯಾಕೆ ಕಡಿಮೆ?’ ಇದೇ ಮಾತನ್ನು ಶಾಲೆಗೆ ಬರೆದು ಕಳಿಸಿದರೆ ಶಿಕ್ಷಕರಿಗೆ ಉತ್ತರಿಸುವುದು ಕಷ್ಟ. ಅವರು ಪುಟ ನೋಡಿ ಅಂಕ ಕೊಟ್ಟಿರುವುದಿಲ್ಲ, ಸ್ಕೀಮ್ ನೋಡಿ ಕೊಟ್ಟಿರುತ್ತಾರೆ. ಆದ್ದರಿಂದ ಕೇಳುವವರೂ ಸ್ಕೀಮ್ ಹಿಡಿದೇ ಕೇಳಬೇಕು. ಹಾಗೆ ಕೇಳಿದ ಪತ್ರಕ್ಕೆ ಮಾತ್ರ ನೇರವಾದ ಉತ್ತರ ಸಿಗುವ ಸಾಧ್ಯತೆ ಇದೆ.

ಸ್ಕೀಮ್ ಎಂದರೆ ಪ್ರಶ್ನೆಪತ್ರಿಕೆಯ ಜೊತೆಗೆ ತಯಾರಾಗುವ ಮಾದರಿ ಉತ್ತರ ಮತ್ತು ಅಂಕ ಹಂಚಿಕೆ. ವಿವರಣಾತ್ಮಕ ಪ್ರಶ್ನೆಗೆ ಅದರಲ್ಲಿ ಇಡೀ ಉತ್ತರವನ್ನು ಬರೆದಿರುವುದಿಲ್ಲ, ಅಂಶಗಳನ್ನು ಒಂದರ ಕೆಳಗೊಂದು ಇಟ್ಟಿರುತ್ತಾರೆ. ಕೊನೆಯಲ್ಲಿ ‘4×1=4’ ಎಂದೋ ‘8×½=4’ ಎಂದೋ ಬರೆದಿರುತ್ತದೆ. ಈ ಪುಟ್ಟ ಗುಣಾಕಾರವೇ ಎಲ್ಲಕ್ಕಿಂತ ಮುಖ್ಯ. ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಅಂಶ ಸಾಕು ಎಂದು ಮಗು ನಂಬಿರುತ್ತದೆ. ಆ ನಾಲ್ಕನ್ನೇ ಚೆನ್ನಾಗಿ ವಿಸ್ತರಿಸಿ ಒಂದು ಪುಟ ತುಂಬಿಸುತ್ತದೆ. ಸ್ಕೀಮಿನಲ್ಲಿ ಎಂಟು ಅಂಶಗಳಿಗೆ ಅರ್ಧರ್ಧ ಅಂಕ ಇದ್ದರೆ ಅಷ್ಟು ಬರೆದರೂ ಸಿಗುವುದು ಎರಡೇ. ಶಿಕ್ಷಕರು ಅನ್ಯಾಯ ಮಾಡಿರುವುದಿಲ್ಲ, ಮಗುವಿಗೂ ಪಾಠ ಗೊತ್ತಿಲ್ಲದೆ ಇರುವುದಿಲ್ಲ. ಆ ಗುಣಾಕಾರ ಮಗುವಿಗೆ ಗೊತ್ತಿರಲಿಲ್ಲ, ಅಷ್ಟೇ.

ಹತ್ತನೇ ತರಗತಿಯ ಸಮಾಜ ವಿಜ್ಞಾನದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರಶ್ನೆ: ‘1857ರ ದಂಗೆಯ ವಿಫಲತೆಗೆ ಕಾರಣಗಳನ್ನು ವಿವರಿಸಿ.’ ನಾಲ್ಕು ಅಂಕ. ಉತ್ತರ ಪತ್ರಿಕೆ ಕೊಟ್ಟ ದಿನ ಶಿಕ್ಷಕರು ಸ್ಕೀಮನ್ನು ತರಗತಿಯಲ್ಲಿ ಓದಿ ಹೇಳಿದರು, ವಿದ್ಯಾರ್ಥಿನಿ ಅದನ್ನು ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಗುರುತು ಹಾಕಿಕೊಂಡಳು ಎನ್ನೋಣ. ಅದರಲ್ಲಿದ್ದ ಅಂಶಗಳು ಇವು: ದಂಗೆ ಇಡೀ ದೇಶಕ್ಕೆ ಹರಡಲಿಲ್ಲ, ದೇಶದ ಬಿಡುಗಡೆಗಿಂತ ರಾಜರ ಸ್ವಂತ ಹಿತವೇ ಮುಂದಿತ್ತು, ಪೂರ್ವಯೋಜನೆ ಇರಲಿಲ್ಲ, ಸಮರ್ಥ ನಾಯಕತ್ವ ಇರಲಿಲ್ಲ, ಸೈನಿಕರಲ್ಲಿ ಒಗ್ಗಟ್ಟು, ಯುದ್ಧತಂತ್ರ ಕಡಿಮೆ, ಬ್ರಿಟಿಷ್ ಸೈನ್ಯದಲ್ಲಿ ಶಿಸ್ತು, ಒಗ್ಗಟ್ಟು ಇತ್ತು, ಅನೇಕ ದೇಶೀಯ ರಾಜರು ಬ್ರಿಟಿಷರಿಗೆ ನಿಷ್ಠರಾಗಿದ್ದರು, ಸೈನಿಕರ ಲೂಟಿಯಿಂದ ಜನರ ವಿಶ್ವಾಸ ಹೋಯಿತು. ಎಂಟು ಅಂಶ, ಒಂದೊಂದಕ್ಕೆ ಅರ್ಧ ಅಂಕ. ಕೆಳಗೆ ‘ಸೂಕ್ತವಾದ ಇತರ ಅಂಶಗಳನ್ನೂ ಪರಿಗಣಿಸಬಹುದು’ ಎಂಬ ಸಾಲು.

ಹುಡುಗಿ ಬರೆದ ಉತ್ತರ ಹೀಗಿತ್ತು: ‘ದಂಗೆ ಹೆಚ್ಚಾಗಿ ಉತ್ತರ ಭಾರತದಲ್ಲಿ ನಡೆಯಿತು, ಇಡೀ ದೇಶಕ್ಕೆ ಹರಡಲಿಲ್ಲ. ಹೈದರಾಬಾದಿನ ನಿಜಾಮ, ಗ್ವಾಲಿಯರಿನ ಸಿಂಧಿಯಾ ಬ್ರಿಟಿಷರ ಪರ ನಿಂತರು. ದಂಗೆಯನ್ನು ಒಟ್ಟಾಗಿ ನಡೆಸುವ ನಾಯಕ ಇರಲಿಲ್ಲ, ದೆಹಲಿ, ಕಾನ್ಪುರ, ಝಾನ್ಸಿಯಲ್ಲಿ ಅವರವರು ತಮ್ಮ ರಾಜ್ಯ, ತಮ್ಮ ಪಿಂಚಣಿಗಾಗಿ ಹೋರಾಡಿದರು. ಮೊದಲೇ ಯೋಜನೆ ಮಾಡಿರಲಿಲ್ಲ, ತೋಟಾದ ವಿಷಯದಿಂದ ಥಟ್ಟನೆ ಶುರುವಾಯಿತು. ಬ್ರಿಟಿಷರಿಗೆ ಟೆಲಿಗ್ರಾಫ್ ಇದ್ದುದರಿಂದ ಸುದ್ದಿ ಬೇಗ ತಲುಪುತ್ತಿತ್ತು. ಸಿಪಾಯಿಗಳು ಲೂಟಿ ಮಾಡಿದ್ದರಿಂದ ಜನರ ನಂಬಿಕೆ ಹೋಯಿತು.’ ಕೆಂಪು ಶಾಯಿಯ ಐದು ಗುರುತು, ಬದಿಯಲ್ಲಿ 2½.

ಪತ್ರ ಬರೆಯುವ ಮೊದಲು ಪೋಷಕರು ಮಾಡಬೇಕಾದ ನಿಜವಾದ ಕೆಲಸ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೊಂದಿಸಿ ನೋಡುವುದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ಸಾಲಿಗೆ ಗುರುತು ಬಿದ್ದಿದೆ. ನಿಜಾಮ, ಸಿಂಧಿಯಾ ಎಂದು ಎರಡು ಹೆಸರು ಬರೆದಿದ್ದರೂ ಅದು ‘ನಿಷ್ಠ ರಾಜರು’ ಎಂಬ ಒಂದೇ ಅಂಶ, ಅದಕ್ಕೂ ಒಂದು ಗುರುತು ಬಿದ್ದಿದೆ. ಮೂರನೆಯ ವಾಕ್ಯದ ಒಳಗೆ ಎರಡು ಅಂಶಗಳಿವೆ: ನಾಯಕತ್ವ ಇರಲಿಲ್ಲ ಎಂಬುದು ಒಂದು, ಅವರವರು ತಮ್ಮ ರಾಜ್ಯಕ್ಕಾಗಿ ಹೋರಾಡಿದರು ಎಂಬುದು ಇನ್ನೊಂದು. ಗುರುತು ಬಿದ್ದಿರುವುದು ಮೊದಲನೆಯದಕ್ಕೆ ಮಾತ್ರ. ಪೂರ್ವಯೋಜನೆ, ಲೂಟಿ ಎರಡಕ್ಕೂ ಅಂಕ ಬಂದಿದೆ. ಟೆಲಿಗ್ರಾಫಿನ ಮಾತು ಸ್ಕೀಮಿನಲ್ಲಿ ಇಲ್ಲ, ಗುರುತೂ ಇಲ್ಲ. ಆದರೆ ಅದು ಸತ್ಯ: ತಂತಿ ಸಂದೇಶಗಳಿಂದ ಬ್ರಿಟಿಷರಿಗೆ ಅನುಕೂಲವಾದದ್ದು ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ಸೈನಿಕರ ಒಗ್ಗಟ್ಟು, ಬ್ರಿಟಿಷ್ ಸೈನ್ಯದ ಶಿಸ್ತು ಇವೆರಡನ್ನೂ ಅವಳು ಬರೆದೇ ಇಲ್ಲ.

ಅಲ್ಲಿಗೆ ಲೆಕ್ಕ ತಿಳಿಯಾಯಿತು. ಐದು ಅಂಶಗಳ ಬಗ್ಗೆ ತಕರಾರಿಲ್ಲ, ಬರೆಯದ ಎರಡರ ಬಗ್ಗೆ ಕೇಳುವ ಹಾಗಿಲ್ಲ. ಕೇಳಬೇಕಾದದ್ದು ಎರಡೇ ಸಾಲುಗಳ ಬಗ್ಗೆ. ಎರಡನ್ನೂ ಒಪ್ಪಿದರೂ ಬರುವುದು ಮೂರೂವರೆ, ನಾಲ್ಕಲ್ಲ. ಇಷ್ಟನ್ನು ಪೋಷಕರು ತಾವೇ ಕಂಡುಕೊಂಡಿದ್ದರೆ ಪತ್ರದ ದನಿ ತಾನಾಗಿಯೇ ಮೆದುವಾಗುತ್ತದೆ. ವಿನಯದ ಪದಗಳನ್ನು ಹುಡುಕಿ ಸೇರಿಸುವ ಅಗತ್ಯವೇ ಬೀಳುವುದಿಲ್ಲ. ಪತ್ರವನ್ನು ಮುಖ್ಯೋಪಾಧ್ಯಾಯರ ಹೆಸರಿಗೆ ಬರೆದು ತರಗತಿ ಶಿಕ್ಷಕರ ಮೂಲಕ ಕೊಡುವುದು ಶಾಲೆಗಳಲ್ಲಿ ಒಪ್ಪಿತವಾದ ಕ್ರಮ.

ಗೆ,
ಮುಖ್ಯೋಪಾಧ್ಯಾಯರು
(ತರಗತಿ ಶಿಕ್ಷಕರ ಮೂಲಕ)

ಮಾನ್ಯರೇ,

ವಿಷಯ: ಅರ್ಧವಾರ್ಷಿಕ ಪರೀಕ್ಷೆ, ಸಮಾಜ ವಿಜ್ಞಾನ, 34ನೇ ಪ್ರಶ್ನೆಯ ಅಂಕ ಹಂಚಿಕೆ ತಿಳಿಯುವ ಕುರಿತು.

ನನ್ನ ಮಗಳು ತಮ್ಮ ಶಾಲೆಯಲ್ಲಿ 10ನೇ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿದ್ದಾಳೆ. ಮೇಲ್ಕಂಡ ಪ್ರಶ್ನೆಗೆ ಅವಳಿಗೆ 4ಕ್ಕೆ 2½ ಅಂಕ ಬಂದಿದೆ. ಶಿಕ್ಷಕರು ತರಗತಿಯಲ್ಲಿ ಓದಿ ಹೇಳಿದ ಸ್ಕೀಮಿನೊಂದಿಗೆ ಅವಳ ಉತ್ತರವನ್ನು ಹೊಂದಿಸಿ ನೋಡಿದೆವು. ಐದು ಅಂಶಗಳಿಗೆ ಅಂಕ ಬಂದಿರುವುದು, ಎರಡು ಅಂಶಗಳನ್ನು ಅವಳು ಬರೆಯದೇ ಇರುವುದು ನಮಗೆ ಅರ್ಥವಾಗಿದೆ.

ಎರಡು ಸಾಲುಗಳ ಬಗ್ಗೆ ಮಾತ್ರ ತಿಳಿಯಬೇಕಾಗಿದೆ. ಮೂರನೆಯ ವಾಕ್ಯದಲ್ಲಿ ‘ಅವರವರು ತಮ್ಮ ರಾಜ್ಯ, ತಮ್ಮ ಪಿಂಚಣಿಗಾಗಿ ಹೋರಾಡಿದರು’ ಎಂದು ಬರೆದಿದ್ದಾಳೆ. ಇದು ಸ್ಕೀಮಿನ ‘ರಾಜರ ಸ್ವಂತ ಹಿತ’ ಎಂಬ ಅಂಶಕ್ಕೆ ಸಲ್ಲುತ್ತದೆಯೇ, ಅಥವಾ ಬೇರೆ ವಾಕ್ಯವಾಗಿ ಬರೆಯಬೇಕಿತ್ತೇ? ಟೆಲಿಗ್ರಾಫ್ ಬಗ್ಗೆ ಬರೆದ ವಾಕ್ಯವನ್ನು ‘ಸೂಕ್ತವಾದ ಇತರ ಅಂಶ’ ಎಂದು ಪರಿಗಣಿಸಲು ಅವಕಾಶವಿದೆಯೇ?

ಶಿಕ್ಷಕರ ತೀರ್ಮಾನ ಏನೇ ಇದ್ದರೂ ಒಪ್ಪುತ್ತೇವೆ. ಮುಂದಿನ ಪರೀಕ್ಷೆಯಲ್ಲಿ ಅವಳು ಹೇಗೆ ಬರೆಯಬೇಕೆಂದು ತಿಳಿದರೆ ಸಾಕು. ಉತ್ತರ ಪತ್ರಿಕೆಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಶಿಕ್ಷಕರಿಗೆ ಬಿಡುವಾದ ದಿನ ತಿಳಿಸಿದರೆ ಶಾಲೆಗೆ ಬಂದು ಕಾಣುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ
(ಪೋಷಕರ ಸಹಿ, ವಿದ್ಯಾರ್ಥಿನಿಯ ಹೆಸರು, ಕ್ರಮಸಂಖ್ಯೆ)

ಈ ಪತ್ರದಲ್ಲಿ ‘ಅಂಕ ಹೆಚ್ಚಿಸಿ’ ಎಂಬ ಮಾತಿಲ್ಲ. ಅದನ್ನು ಉದ್ದೇಶಪಟ್ಟೇ ಬಿಡಲಾಗಿದೆ. ಅಂಶ ಸ್ಕೀಮಿಗೆ ಸಲ್ಲುತ್ತದೆ ಎಂದು ಶಿಕ್ಷಕರಿಗೆ ಅನ್ನಿಸಿದರೆ ಅಂಕವನ್ನು ಅವರೇ ತಿದ್ದುತ್ತಾರೆ. ಅನ್ನಿಸದಿದ್ದರೆ ಯಾಕೆ ಸಲ್ಲುವುದಿಲ್ಲ ಎಂದು ಹೇಳುತ್ತಾರೆ, ಆ ‘ಯಾಕೆ’ ಅರ್ಧ ಅಂಕಕ್ಕಿಂತ ಹೆಚ್ಚು ಉಪಯೋಗದ್ದು. ಇನ್ನೊಂದು ಮಾತನ್ನೂ ಬೇಕೆಂದೇ ಬಿಟ್ಟಿದೆ: ‘ಪಕ್ಕದ ಹುಡುಗನೂ ಹೀಗೇ ಬರೆದು ಮೂರು ಅಂಕ ತಗೊಂಡಿದ್ದಾನೆ.’ ಈ ಹೋಲಿಕೆ ನಿಜವೇ ಆಗಿರಬಹುದು. ಆದರೆ ಅದು ಪತ್ರಕ್ಕೆ ಬಂದ ಕೂಡಲೇ ಮಾತು ಸ್ಕೀಮಿನಿಂದ ಶಿಕ್ಷಕರ ಪಕ್ಷಪಾತದ ಕಡೆಗೆ ಹೊರಳುತ್ತದೆ, ಆ ಹುಡುಗನ ಅಂಕವೂ ಅಪಾಯಕ್ಕೆ ಸಿಲುಕುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇರೆ ಮಗುವಿನ ಉತ್ತರ ಪತ್ರಿಕೆಯನ್ನು ಯಾವ ಕಾರಣಕ್ಕೂ ಸಾಕ್ಷಿಗೆ ಕರೆಯಬಾರದು.

ಉತ್ತರ ಪತ್ರಿಕೆಯ ಮೇಲೆ ಮನೆಯಲ್ಲಿ ಪೆನ್ನು ಪೆನ್ಸಿಲು ಏನೂ ತಾಗದಿರಲಿ. ಬೇಕಿದ್ದರೆ ಆ ಪುಟದ ಫೋಟೊ ತೆಗೆದು ಅದರ ಮೇಲೆ ಗುರುತು ಮಾಡಿಕೊಳ್ಳಬಹುದು. ಪತ್ರಿಕೆ ಕೈಗೆ ಬಂದ ಒಂದು ವಾರದೊಳಗೆ ಬರೆಯುವುದು ಒಳ್ಳೆಯದು, ಆಮೇಲೆ ಅಂಕಗಳು ವಹಿಗೆ ಹೋಗಿಬಿಡುತ್ತವೆ. ಕೂಡುವಾಗ ತಪ್ಪಿದ್ದರೆ, ಒಳಗಿನ ಅಂಕ ಮೊದಲ ಪುಟದ ಪಟ್ಟಿಗೆ ಬಾರದಿದ್ದರೆ, ಒಂದು ಉತ್ತರ ತಿದ್ದದೆ ಉಳಿದುಹೋಗಿದ್ದರೆ ಇಷ್ಟು ದೊಡ್ಡ ಪತ್ರ ಬೇಡ. ಡೈರಿಯಲ್ಲಿ ಎರಡು ಸಾಲು ಬರೆದರೆ ಶಿಕ್ಷಕರು ನಿಂತಲ್ಲೇ ಸರಿಪಡಿಸುತ್ತಾರೆ.

ಎಲ್ಲ ವಿವರಣಾತ್ಮಕ ಉತ್ತರಗಳನ್ನೂ ಹೀಗೆ ಅಂಶ ಎಣಿಸಿ ನೋಡಲು ಆಗುವುದಿಲ್ಲ. ಕನ್ನಡ ಪ್ರಬಂಧವನ್ನೇ ನೋಡಿ. ಅದರ ಸ್ಕೀಮಿನಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಭಾಷೆ ಎಂದು ಭಾಗಗಳಿರುತ್ತವೆಯೇ ಹೊರತು ವಿಷಯ ನಿರೂಪಣೆ ಹೇಗಿದ್ದರೆ ಪೂರ್ತಿ ಅಂಕ ಎಂದು ಬರೆದಿರುವುದಿಲ್ಲ. ಇಬ್ಬರು ಅನುಭವಿ ಶಿಕ್ಷಕರು ಒಂದೇ ಪ್ರಬಂಧಕ್ಕೆ ಅರ್ಧ, ಒಂದು ಅಂಕ ಹೆಚ್ಚುಕಡಿಮೆ ಕೊಡುವುದು ಸಹಜ. ಅಲ್ಲಿ ಯಾವ ಸಾಲಿಗೆ ಅಂಕ ಬರಲಿಲ್ಲ ಎಂದು ಕೇಳಿ ಫಲವಿಲ್ಲ. ಯಾವ ಭಾಗ ಸೊರಗಿದೆ ಎಂದು ಕೇಳಿದರೆ ಶಿಕ್ಷಕರು ಬಾಯಿಬಿಟ್ಟು ಹೇಳಬಲ್ಲರು.

ಎಸ್ಸೆಸ್ಸೆಲ್ಸಿ ಪಬ್ಲಿಕ್ ಪರೀಕ್ಷೆಗೆ ಬಂದರೆ ದಾರಿಯೇ ಬೇರೆ. ಬರವಣಿಗೆಯ ಉತ್ತರ ಪತ್ರಿಕೆಗಳನ್ನು ತಿದ್ದುವುದು ಮಗುವಿನ ಶಾಲೆಯಲ್ಲ, ಆದ್ದರಿಂದ ಶಾಲೆಗೆ ಪತ್ರ ಬರೆದು ಪ್ರಯೋಜನವಿಲ್ಲ. ಪರೀಕ್ಷಾ ಮಂಡಳಿ ಮಾದರಿ ಉತ್ತರಗಳನ್ನು ಪ್ರಕಟಿಸುತ್ತದೆ. ಫಲಿತಾಂಶದ ನಂತರ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಅದನ್ನು ನೋಡಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ತನ್ನ ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ವಿದ್ಯಾರ್ಥಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ನೋಡುವ ಹಕ್ಕು ಬೇರೆ, ಮತ್ತೆ ಮೌಲ್ಯಮಾಪನ ಮಾಡಿಸುವ ಹಕ್ಕು ಬೇರೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ಶಾಲೆಗೆ ಬರೆಯುವ ಮೊದಲ ಪತ್ರದಲ್ಲಿ ಈ ತೀರ್ಪನ್ನು ಎತ್ತುವುದು ಬೇಡ, ವಿಚಾರಿಸಲು ಬಂದವರು ದಾವೆ ಹೂಡಲು ಬಂದವರಂತೆ ಕಂಡಾರು. ಆದರೆ ಸ್ಕ್ಯಾನ್ ಪ್ರತಿ ಕೈಗೆ ಬಂದಾಗ ಮಾಡಬೇಕಾದ ಹೊಂದಾಣಿಕೆ ಇದೇ. ಅರ್ಧವಾರ್ಷಿಕದಲ್ಲಿ ಒಮ್ಮೆ ಮಾಡಿದವರಿಗೆ, ಯಾವ ವಿಷಯಕ್ಕೆ ಶುಲ್ಕ ಕಟ್ಟಿದರೆ ಪ್ರಯೋಜನ, ಯಾವುದಕ್ಕೆ ಕಟ್ಟಿದರೆ ವ್ಯರ್ಥ ಎಂಬುದು ಬೇಗ ತಿಳಿಯುತ್ತದೆ.

ಮೇಲಿನ ಪತ್ರಕ್ಕೆ ಶಿಕ್ಷಕರು ಹೀಗೆ ಉತ್ತರಿಸಬಹುದು: ‘ತಮ್ಮ ರಾಜ್ಯಕ್ಕಾಗಿ’ ಎಂಬುದಕ್ಕೆ ಅರ್ಧ ಅಂಕ ಕೊಡುತ್ತೇನೆ, ನಾಯಕತ್ವದ ಮಾತಿನ ಜೊತೆ ಸೇರಿಕೊಂಡಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಟೆಲಿಗ್ರಾಫಿಗೆ ಕೊಡಲಾರೆ, ಸುದ್ದಿ ಬೇಗ ತಲುಪಿದ್ದರಿಂದ ದಂಗೆ ಹೇಗೆ ಸೋತಿತು ಎಂದು ಅವಳು ಬರೆದಿಲ್ಲ. ಎರಡೂ ನ್ಯಾಯವಾದ ಮಾತೇ. ಒಂದು ಅಂಶಕ್ಕೆ ಒಂದು ವಾಕ್ಯ, ಒಂದೊಂದನ್ನೂ ಹೊಸ ಸಾಲಿನಿಂದ ಶುರು ಮಾಡಿ ಬರೆಯಬೇಕು, ಕಾರಣ ಹೇಳಿದರೆ ಅದರ ಪರಿಣಾಮವನ್ನೂ ಹೇಳಬೇಕು ಎಂಬುದು ಹುಡುಗಿಗೆ ತನ್ನದೇ ಉತ್ತರದಿಂದ ಗೊತ್ತಾಯಿತು. ಅಂಕ ಮೂರಾದ ಮೇಲೆ ಪೋಷಕರು ಗಮನಿಸಬೇಕಾದದ್ದು ಒಂದಿದೆ: ಒಳಪುಟದಲ್ಲಿ ತಿದ್ದಿದ ಅಂಕ ಮೊದಲ ಪುಟದ ಪಟ್ಟಿಯಲ್ಲೂ ಒಟ್ಟು ಮೊತ್ತದಲ್ಲೂ ಬದಲಾಗಿ, ಪಕ್ಕದಲ್ಲಿ ಶಿಕ್ಷಕರ ಕಿರುಸಹಿ ಇರಬೇಕು, ತರಗತಿಯ ಅಂಕವಹಿಯಲ್ಲೂ ಅದೇ ಸಂಖ್ಯೆ ದಾಖಲಾಗಿರಬೇಕು. ಪತ್ರಿಕೆ ವಾಪಸು ಪಡೆಯುವಾಗ ಅಲ್ಲೇ ನೋಡಿಕೊಂಡು ಬಂದರೆ ಮತ್ತೊಂದು ಪತ್ರ ಬರೆಯುವ ಕೆಲಸ ತಪ್ಪುತ್ತದೆ.