₹210ರ ಬೆಲ್ಲ, ಖಾತೆಗೆ ₹90.80

ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಯ ಬೆಲ್ಲ ಮಂಡ್ಯದ ಎಪಿಎಂಸಿಗೆ ಹೋದರೆ ಮಾರಿದವನ ಕೈಗೆ ಒಂದು ಪಟ್ಟಿ ಬರಬೇಕು. ತೂಕ ಇಷ್ಟು, ದರ ಇಷ್ಟು, ಹಮಾಲಿ ಇಷ್ಟು. ಕಾನೂನಿನ ಪ್ರಕಾರ ದಲ್ಲಾಳಿಯ ಕಮಿಷನ್ ಕೊಳ್ಳುವವನ ತಲೆಗೆ ಬೀಳಬೇಕು. ಅದನ್ನೂ ರೈತನಿಂದಲೇ ಮುರಿದುಕೊಂಡು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುತ್ತಾರೆ ಎಂಬ ದೂರು ನಮ್ಮಲ್ಲಿ ಹಳೆಯದು. ಈಗ ಅದೇ ಬೆಲ್ಲವನ್ನು ಪುಡಿ ಮಾಡಿ, ಪೊಟ್ಟಣ ಕಟ್ಟಿ ಆನ್‌ಲೈನ್ ಮಳಿಗೆಯಲ್ಲಿ ಮಾರುವವರಿಗೆ ಸಿಗುವುದು ಬೇರೊಂದು ಪಟ್ಟಿ, ಸೆಟಲ್‌ಮೆಂಟ್ ಸ್ಟೇಟ್‌ಮೆಂಟ್. ಇಲ್ಲಿ ಕಮಿಷನ್ ಮಾರುವವನದೇ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ತೊಡಕಿರುವುದು ಕಾಲಂಗಳಲ್ಲಿ. "ಇನ್ನೂರ್ ಹತ್ತಕ್ಕೆ ಮಾರಿದ್ರೆ ತೊಂಬತ್ತು ಬಂದದೆ, ಮಿಕ್ಕಿದ್ದು ಎಲ್ಲೋಯ್ತು ಅಣ್ಣ?" ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ.

ಈ ಪಟ್ಟಿ ಒಮ್ಮೆಲೇ ಹುಟ್ಟಿದ್ದಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್ ಮೊದಲು ತಾನೇ ಪುಸ್ತಕ ಮಾರುತ್ತಿತ್ತು. 2013ರಲ್ಲಿ ಅದು ಬೇರೆಯವರ ಸರಕಿಗೂ ಬಾಗಿಲು ತೆರೆಯಿತು, ಅದೇ ವರ್ಷ ಅಮೆಜಾನ್ ಭಾರತಕ್ಕೆ ಬಂತು. ಅಲ್ಲಿಂದಾಚೆಗೆ ಸರಕು ಒಬ್ಬರದು, ಗೋದಾಮು ಮತ್ತೊಬ್ಬರದು, ಗ್ರಾಹಕನಿಂದ ಹಣ ಎಣಿಸಿಕೊಳ್ಳುವುದೂ ಆ ಮತ್ತೊಬ್ಬರೇ. ಹಾಗಾದರೆ ತೆರಿಗೆಯನ್ನು ಯಾರಿಂದ ಕೇಳುವುದು? ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ನಮ್ಮ ರಾಜ್ಯದಲ್ಲೇ. 2014ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಅಮೆಜಾನ್ ಗೋದಾಮಿನಲ್ಲಿ ಸರಕಿಟ್ಟು ಮಾರುತ್ತಿದ್ದ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಆಗ ಇದ್ದದ್ದು ವ್ಯಾಟ್. ಮುಂದೆ ಜಿಎಸ್‌ಟಿ ಕಾನೂನು ಬರೆಯುವಾಗ 52ನೇ ಸೆಕ್ಷನ್ನಿನಲ್ಲಿ ಉತ್ತರ ಸೇರಿತು: ಹಣ ಯಾರ ಕೈಯಲ್ಲಿ ಹಾದುಹೋಗುತ್ತದೋ ಅವರೇ ಒಂದಿಷ್ಟು ಹಿಡಿದು ಸರ್ಕಾರಕ್ಕೆ ಕಟ್ಟಲಿ, ಯಾರು ಎಷ್ಟು ಮಾರಿದರೆಂಬ ವಿವರವನ್ನೂ ಕೊಡಲಿ. ಇದೇ ಟಿಸಿಎಸ್. ಜಿಎಸ್‌ಟಿ ಬಂದದ್ದು 2017ರ ಜುಲೈನಲ್ಲಾದರೂ ಟಿಸಿಎಸ್ ಜಾರಿಯಾದದ್ದು 2018ರ ಅಕ್ಟೋಬರ್ 1ರಂದು, ಶೇ 1ರ ದರದಲ್ಲಿ. 2024ರ ಜುಲೈ 10ರಿಂದ ಅದು ಶೇ 0.5. ಆದಾಯ ತೆರಿಗೆಯವರದು ಬೇರೆ. ಅವರ ಟಿಡಿಎಸ್ 2020ರ ಅಕ್ಟೋಬರ್‌ನಲ್ಲಿ ಸೇರಿಕೊಂಡಿತು, 2024ರ ಅಕ್ಟೋಬರ್‌ನಿಂದ ಶೇ 0.1ಕ್ಕೆ ಇಳಿದಿದೆ.

ಈಗ ಒಂದು ಪೊಟ್ಟಣದ ಲೆಕ್ಕ ಬಿಡಿಸೋಣ. ಕಮಿಷನ್ ಮತ್ತು ಸಾಗಣೆ ದರ ಮಳಿಗೆಯಿಂದ ಮಳಿಗೆಗೆ ಬದಲಾಗುತ್ತವೆ. ಇಲ್ಲಿ ಹಿಡಿದಿರುವುದು ಉದಾಹರಣೆಯ ಅಂಕಿ. ಒಂದು ಕಿಲೋ ಬೆಲ್ಲದ ಪುಡಿ, ಬೆಲೆ ₹210. ಹೀಗೆ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. ಆದ್ದರಿಂದ ಸರಕಿನ ಬೆಲೆ ₹200, ತೆರಿಗೆ ₹10. ಮಳಿಗೆಯ ಕಮಿಷನ್ ಶೇ 8, ಅಂದರೆ ₹16.80. ಪ್ರತಿ ಆರ್ಡರ್‌ಗೆ ನಿಗದಿ ಶುಲ್ಕ ₹13.20. ಸಾಗಣೆ ₹70. ಒಟ್ಟು ₹100. ಇದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹118. ಟಿಸಿಎಸ್ ತೆರಿಗೆ ಬಿಟ್ಟ ₹200ರ ಮೇಲೆ ₹1, ಟಿಡಿಎಸ್ 20 ಪೈಸೆ. ಕಳೆದರೆ ಖಾತೆಗೆ ಬರುವುದು ₹90.80.

ಬಹಳ ಜನ ಇಲ್ಲಿಗೆ ಪಟ್ಟಿ ಮಡಿಸಿಡುತ್ತಾರೆ. ಆದರೆ ಈ ₹90.80 ಅವರ ವ್ಯಾಪಾರವೂ ಅಲ್ಲ, ಗಳಿಕೆಯೂ ಅಲ್ಲ. ಅದರಲ್ಲಿ ₹10 ಸರ್ಕಾರದ್ದು. ಇತ್ತ ಶುಲ್ಕಗಳ ಮೇಲೆ ಕಟ್ಟಿದ ₹18 ಹೂಡುವಳಿ ತೆರಿಗೆಯಾಗಿ ಲೆಕ್ಕಕ್ಕೆ ಸಿಗುತ್ತದೆ. ₹1 ಜಿಎಸ್‌ಟಿಯ ನಗದು ಲೆಡ್ಜರ್‌ಗೆ, 20 ಪೈಸೆ ಆದಾಯ ತೆರಿಗೆಯ ಲೆಕ್ಕಕ್ಕೆ ವಾಪಸ್. ಎಲ್ಲ ಕೂಡಿ ಕಳೆದರೆ ನಿಮ್ಮದು ನಿಖರವಾಗಿ ₹100, ಅಂದರೆ ಸರಕಿನ ₹200ರಲ್ಲಿ ಶುಲ್ಕದ ₹100 ಹೋಗಿ ಉಳಿದದ್ದು. ಪಟ್ಟಿ ಓದಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ: ತೆರಿಗೆಯ ಕಾಲಂಗಳನ್ನೆಲ್ಲ ಮೊದಲು ಪಕ್ಕಕ್ಕಿಟ್ಟು ಬೆಲೆ ಮತ್ತು ಶುಲ್ಕ ಎರಡನ್ನೇ ನೋಡುವುದು. ಒಂದು ಎಚ್ಚರಿಕೆ ಇದೆ. ಹೂಡುವಳಿ ತೆರಿಗೆ ಮಾರಾಟದ ತೆರಿಗೆಗಿಂತ ಹೆಚ್ಚಾದಾಗ ಉಳಿಕೆ ಲೆಡ್ಜರ್‌ನಲ್ಲೇ ಕೂರುತ್ತದೆ, ಕೈಗೆ ಬರುವುದಿಲ್ಲ. ರಾಜಿ ತೆರಿಗೆಯವರಿಗೂ ನೋಂದಣಿ ಇಲ್ಲದವರಿಗೂ ಆ ಸೌಲಭ್ಯವೇ ಇಲ್ಲ. 2023ರ ಅಕ್ಟೋಬರ್‌ನಿಂದ ಈ ಇಬ್ಬರೂ ಆನ್‌ಲೈನ್‌ನಲ್ಲಿ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ನಾಗಮಂಗಲದ ಅಂಥ ವ್ಯಾಪಾರಿಯ ಪೊಟ್ಟಣ ಬೆಳಗಾವಿಗೆ ಹೋಗಬಹುದು, ಪಕ್ಕದ ರಾಜ್ಯದ ಹೊಸೂರಿಗೆ ಹೋಗುವಂತಿಲ್ಲ.

ಶುಲ್ಕದಲ್ಲಿ ಸಿಂಹಪಾಲು ಸಾಗಣೆಯದು. ಅದನ್ನು ತೂಕದಿಂದ ಮಾತ್ರ ಲೆಕ್ಕ ಹಾಕುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. ಬಂದ ಅಂಕಿಯಲ್ಲೂ ನಿಜ ತೂಕದಲ್ಲೂ ಯಾವುದು ಹೆಚ್ಚೋ ಅದಕ್ಕೆ ದರ. 30, 20, 15ರ ಡಬ್ಬಿಯಲ್ಲಿ ಒಂದು ಕಿಲೋ ಬೆಲ್ಲ ಇಟ್ಟರೆ ಅದು 1.8 ಕಿಲೋ ಆಗುತ್ತದೆ, ಅರ್ಧ ಕಿಲೋ ಹಂತದ ದರಪಟ್ಟಿಯಲ್ಲಿ 2 ಕಿಲೋ. ಡಬ್ಬಿ ಸಣ್ಣದಾದರೂ ಪೂರ್ತಿ ಪಾರಾಗಲಾರಿರಿ: ಕಿಲೋ ಬೆಲ್ಲಕ್ಕೆ ರಟ್ಟು, ಟೇಪು ಸೇರಿ 1.1 ಕಿಲೋ ಆದರೂ ದರ 1.5 ಕಿಲೋದ್ದು. 900 ಗ್ರಾಂ ಪೊಟ್ಟಣ ಮಾಡಿ ಹಗುರ ಡಬ್ಬಿಯಲ್ಲಿ ಕಳಿಸಿದರೆ ಕಿಲೋದೊಳಗೇ ಮುಗಿಯುತ್ತದೆ. ಸ್ಟೇಟ್‌ಮೆಂಟಿನಲ್ಲಿ ಒಂದೇ ಸರಕಿಗೆ ಒಂದೇ ಊರಿಗೆ ಎರಡು ಬಗೆಯ ಸಾಗಣೆ ದರ ಕಂಡರೆ ತೂಕದ ಕಾಲಂ ನೋಡಿ. ಅಳತೆ ತಪ್ಪಿದ್ದರೆ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಿಡಿದು ತೆಗೆದ ಫೋಟೊ ಇದ್ದವರಷ್ಟೇ ತಕರಾರಿನಲ್ಲಿ ಗೆಲ್ಲುವುದು.

ನಿಜವಾದ ಪೆಟ್ಟು ಬೀಳುವುದು ವಾಪಸಾತಿಯಲ್ಲಿ. ಮಳೆಗಾಲದಲ್ಲಿ ತೇವ ಕುಡಿದ ಬೆಲ್ಲ ಜಿನುಗಿ ಪೊಟ್ಟಣ ಅಂಟಂಟಾಗಿ ಹೋಯಿತು, ಗ್ರಾಹಕ ಹಿಂದಿರುಗಿಸಿದ ಎನ್ನೋಣ. ಶ್ರೀರಂಗಪಟ್ಟಣದಿಂದ ಜುಲೈನಲ್ಲಿ ಹೋದ ಆರ್ಡರ್ ಇದು. ಕಡಿತ ಕಾಣುವುದು ಆಗಸ್ಟ್ ಪಟ್ಟಿಯಲ್ಲಿ, ಎದುರಿಗೆ ಮಾರಾಟವೇ ಇಲ್ಲದ ಒಂದು ಮೈನಸ್ ಸಾಲಾಗಿ. ₹210 ಪೂರ್ತಿ ಹೋಯಿತು. ಕಮಿಷನ್ ಅದರ ಜಿಎಸ್‌ಟಿ ಸಮೇತ ₹19.82 ಮತ್ತು ಟಿಸಿಎಸ್‌ನ ₹1 ಹಿಂದಕ್ಕೆ ಬಂತು. ಹೋಗುವ ಸಾಗಣೆಯೂ ನಿಗದಿ ಶುಲ್ಕವೂ ಬರಲಿಲ್ಲ. ಮೇಲೆ ಬರುವ ಸಾಗಣೆ ₹80, ಜಿಎಸ್‌ಟಿ ಸೇರಿ ₹94.40. ಸಾಲಿನ ಮೊತ್ತ ಮೈನಸ್ ₹283.58. ಜುಲೈನಲ್ಲಿ ಬಂದಿದ್ದ ₹90.80 ಎದುರಿಟ್ಟರೆ ಆ ಒಂದು ಆರ್ಡರ್‌ಗೆ ₹192.78 ಕೈಬಿಟ್ಟಿತು. ತೆರಿಗೆ ಭಾಗ ತೆಗೆದರೂ ₹163.20 ನಷ್ಟ. ಬೆಲ್ಲ, ಪೊಟ್ಟಣಕ್ಕೆ ₹75 ಬಿದ್ದಿದ್ದರೆ ಅದೂ ಸೇರಿ ₹238.20. ಸರಿಯಾಗಿ ತಲುಪಿದ ಪೊಟ್ಟಣದ ಲಾಭ ₹25. ಸುಮಾರು ಹತ್ತು ಪೊಟ್ಟಣದ ಲಾಭ ಒಂದು ವಾಪಸಾತಿಗೆ ಸರಿಹೋಯಿತು.

ಇದನ್ನು ತಿಂಗಳವಾರು ನೋಡಿದರೆ ಗೊತ್ತಾಗುವುದೇ ಇಲ್ಲ. ಆರ್ಡರ್ ಸಂಖ್ಯೆ ಹಿಡಿದು ಎರಡೂ ಪಟ್ಟಿಯ ಸಾಲುಗಳನ್ನು ಒಟ್ಟಿಗೆ ತರಬೇಕು. ಗ್ರಾಹಕನೇ ಹಿಂದಿರುಗಿಸಿದ್ದೋ, ವಿಳಾಸ ಸಿಗದೆ ತಲುಪದೇ ಮರಳಿದ್ದೋ ಎಂಬುದನ್ನೂ ನೋಡಬೇಕು. ಎರಡನೆಯದಕ್ಕೆ ಹಲವು ಮಳಿಗೆಗಳ ಒಪ್ಪಂದದಲ್ಲಿ ಬೇರೆ ನಿಯಮ ಇರುತ್ತದೆ. ಹಣ ಕಡಿತವಾಗಿಯೂ ಪೊಟ್ಟಣ ಬಾರದಿದ್ದರೆ ದೂರು ಕೊಡಲು ಗಡುವು ಇರುತ್ತದೆ, ಅದು ಬಹಳ ಉದ್ದದ್ದಲ್ಲ.

ಕೊನೆಗೆ ಟಿಸಿಎಸ್‌ನ ಆ ಒಂದು ರೂಪಾಯಿಯ ವಿಷಯ. ಮಳಿಗೆ ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಸಲ್ಲಿಸಿ ನಿಮ್ಮ ಮಾರಾಟವನ್ನು ಇಲಾಖೆಗೆ ತಿಳಿಸುತ್ತದೆ. ಬ್ಯಾಂಕಿಗೆ ಬಂದ ₹90.80ನ್ನೇ ವ್ಯಾಪಾರವೆಂದು ನೀವು ರಿಟರ್ನ್ ಹಾಕಿದರೆ ಅಲ್ಲಿ ₹200 ಇದೆ, ನೋಟಿಸ್ ಬರಬಹುದು. ಹಿಡಿದ ಹಣವೂ ತಾನಾಗಿ ನಿಮ್ಮ ಲೆಡ್ಜರ್‌ಗೆ ಬೀಳುವುದಿಲ್ಲ. ಪೋರ್ಟಲ್‌ನಲ್ಲಿ TDS and TCS Credit Received ತೆರೆದು, ಸಾಲುಗಳನ್ನು ಒಪ್ಪಿ ಸಲ್ಲಿಸಬೇಕು. ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದ ದಿನದಿಂದ ಅದನ್ನು ತೆರೆದೇ ಇಲ್ಲದಿದ್ದರೆ, ಈ ವಾರ ನಿಮ್ಮ ಲೆಕ್ಕಿಗರನ್ನು ಕೂರಿಸಿಕೊಂಡು ಒಮ್ಮೆ ತೆರೆದು ನೋಡಿ.