ಜೂನ್‌ನಲ್ಲಿ ಸೇರಿದ ಮಗು, ಮಾರ್ಚ್‌ನಲ್ಲಿ ಸಿಗುವ ಲೆಕ್ಕ

ತಿಂಗಳಿಗೆ 1,180 ರೂಪಾಯಿ ಶುಲ್ಕ. ಹತ್ತನೇ ತರಗತಿಯ ಗಣಿತ, ವಿಜ್ಞಾನ. ವಾರಕ್ಕೆ ಮೂರು ಆನ್‌ಲೈನ್ ಕ್ಲಾಸು, ಬೇಡವೆನಿಸಿದ ತಿಂಗಳು ಬಿಡಬಹುದು. ಇಂಥದೊಂದು ಕಂಪನಿ ಇದೆ ಎಂದುಕೊಳ್ಳಿ. ಅಂಕಿಗಳು ನಾನೇ ಇಟ್ಟುಕೊಂಡವು, ಆದರೆ ಲೆಕ್ಕ ತಪ್ಪುವ ಬಗೆ ಮಾತ್ರ ನಿಜವಾದದ್ದು.

ಕಂಪನಿಯವರು ಹೂಡಿಕೆದಾರರ ಮುಂದೆ ಎರಡು ಸಂಖ್ಯೆ ಇಡುತ್ತಾರೆ. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಆದ ಖರ್ಚು ಒಂದು, ಆ ವಿದ್ಯಾರ್ಥಿ ಇರುವಷ್ಟು ಕಾಲ ತಂದುಕೊಡುವ ಹಣ ಇನ್ನೊಂದು. ಈ ವಲಯದಲ್ಲಿ ಮೊದಲನೆಯದನ್ನು ಸಿಎಸಿ, ಎರಡನೆಯದನ್ನು ಎಲ್‌ಟಿವಿ ಎನ್ನುತ್ತಾರೆ. ಎರಡನೆಯದು ಮೊದಲನೆಯದರ ಮೂರು ಪಟ್ಟಾದರೂ ಇರಲಿ ಎಂಬುದು ರೂಢಿಯ ಮಾತು. ನಮ್ಮ ಕಂಪನಿ ಜಾಹೀರಾತಿಗೆ 6 ಲಕ್ಷ ಸುರಿದು 120 ಮಕ್ಕಳನ್ನು ಸೇರಿಸಿತು, ತಲೆಗೆ 5,000. ತಿಂಗಳಿಗೆ ನೂರರಲ್ಲಿ ಹತ್ತು ಮಕ್ಕಳು ಬಿಡುತ್ತಾರೆ, ಹಾಗಾದರೆ ಸರಾಸರಿ ಹತ್ತು ತಿಂಗಳು ಇರುತ್ತಾರೆ, 11,800 ರೂಪಾಯಿ ಬರುತ್ತದೆ. ಮೂರು ಪಟ್ಟು ಅಲ್ಲದಿದ್ದರೂ ಎರಡು ಪಟ್ಟು ದಾಟಿತಲ್ಲ ಎಂಬ ಸಮಾಧಾನ.

ಈಗ ಕೆದಕೋಣ. 1,180ರಲ್ಲಿ 180 ಜಿಎಸ್‌ಟಿ, ಅದು ಸರ್ಕಾರದ ದುಡ್ಡು. ಉಳಿದ ಸಾವಿರದಲ್ಲಿ ಶಿಕ್ಷಕರ ಸಂಬಳದ ಪಾಲು, ವಿಡಿಯೊ ವ್ಯವಸ್ಥೆ, ಹಣ ಪಾವತಿಯ ಶುಲ್ಕ ಕಳೆದರೆ 500 ಉಳಿಯಬಹುದು. ಎಲ್‌ಟಿವಿಗೆ ಸೇರಬೇಕಾದದ್ದು ಈ 500 ಮಾತ್ರ. ಅತ್ತ ಖರ್ಚಿನ ಕಡೆ, ಜಾಹೀರಾತು ನೋಡಿ ನಂಬರ್ ಕೊಟ್ಟವರು 3,000 ಮಂದಿ, ಉಚಿತ ಡೆಮೊ ಕ್ಲಾಸಿಗೆ ಕೂತವರು 600, ಸೇರಿದವರು 120. ಫೋನ್ ಮಾಡಿ ಒಪ್ಪಿಸಿದವರ ಸಂಬಳ 1.2 ಲಕ್ಷ, ಡೆಮೊ ತೆಗೆದುಕೊಂಡ ಶಿಕ್ಷಕರಿಗೆ 60 ಸಾವಿರ. ಸೇರದೇ ಹೋದ 480 ಮಕ್ಕಳ ಡೆಮೊ ಖರ್ಚನ್ನೂ ಸೇರಿದವರೇ ಹೊರಬೇಕು. ಹಾಗಾಗಿ ತಲೆಗೆ 6,500. ಹತ್ತು ತಿಂಗಳು ಇದ್ದರೂ ಬರುವುದು 5,000.

ಹತ್ತು ತಿಂಗಳಾದರೂ ಇರುತ್ತಾರೆಯೇ? ಜೂನ್‌ನಲ್ಲಿ ಸೇರಿದ 120 ಮಕ್ಕಳನ್ನು ಬೇರೆ ಹಾಳೆಯಲ್ಲಿ ಬರೆದು ನೋಡಿದರೆ ಗೊತ್ತಾಗುತ್ತದೆ. ಜುಲೈಗೆ 90, ಆಗಸ್ಟ್‌ಗೆ 80, ಸೆಪ್ಟೆಂಬರ್‌ಗೆ 75. ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ ಬಂದಾಗ ಅಕ್ಟೋಬರ್‌ಗೆ 60. ಆಮೇಲೆ 58, 55, ಕೊನೆಯ ಮೂರು ತಿಂಗಳು 54. ತಿಂಗಳಿಂದ ತಿಂಗಳಿಗೆ ಬಿಟ್ಟವರ ಸರಾಸರಿ ತೆಗೆದರೆ ಶೇ 10ರ ಆಸುಪಾಸೇ ಬರುತ್ತದೆ, ಸುಳ್ಳೇನಿಲ್ಲ. ಆದರೆ ಒಂದು ಮಗು ನಿಜಕ್ಕೂ ದುಡ್ಡು ಕಟ್ಟಿದ್ದು ಸರಾಸರಿ ಆರು ತಿಂಗಳಿಗೂ ಕಡಿಮೆ. ಶೇ 10ರಿಂದ ಹತ್ತು ತಿಂಗಳು ಎಂದು ಗುಣಿಸುವ ಸೂತ್ರ, ಉಳಿದವರು ಮುಂದೆಯೂ ಹಾಗೇ ನಿಧಾನವಾಗಿ ಬಿಡುತ್ತಾರೆ ಎಂದು ನಂಬಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಆ 54 ಮಕ್ಕಳೂ ಒಟ್ಟಿಗೆ ಹೋಗುತ್ತಾರೆ. ಪಾಠ ಎಷ್ಟೇ ಚೆನ್ನಾಗಿರಲಿ, ಹತ್ತನೇ ತರಗತಿಗೆ ಹನ್ನೊಂದನೇ ತಿಂಗಳು ಇಲ್ಲ. ಸಿನಿಮಾ ತೋರಿಸುವ ಆ್ಯಪ್‌ಗೆ ಹೊಂದುವ ಸೂತ್ರವನ್ನು ಶಾಲೆಯ ಕ್ಯಾಲೆಂಡರಿಗೆ ಹಾಕಿದ್ದೇ ಎಡವಟ್ಟು. ಜನವರಿಯಲ್ಲಿ ಸೇರುವ ಮಗುವಿಗಂತೂ ಮೂರೇ ತಿಂಗಳು, ಆದರೂ ಪರೀಕ್ಷೆಯ ಭಯ ಹೆಚ್ಚಿರುವ ಆ ಹೊತ್ತಿನಲ್ಲೇ ಕಂಪನಿಗಳು ಜಾಹೀರಾತು ಏರಿಸಲು ಹಾತೊರೆಯುತ್ತವೆ.

ಹಾಗಾದರೆ ಎಂಟನೇ ತರಗತಿಯವರನ್ನೇ ಹಿಡಿಯೋಣ. 54ರಲ್ಲಿ 30 ಮಕ್ಕಳು ಮರುವರ್ಷವೂ ಪೂರ್ತಿ ಇದ್ದರು ಎಂದರೂ ತಲೆಗೆ ಉಳಿಯುವುದು ಸುಮಾರು 4,170. ಮೊದಲ ತಿಂಗಳಲ್ಲೇ ಬಿಡುವ 30 ಮಕ್ಕಳನ್ನು 15ಕ್ಕೆ ಇಳಿಸಿದರೆ 4,780. ಆ ಮೂವತ್ತರಲ್ಲಿ ಬಹುತೇಕರು ತಪ್ಪು ಬ್ಯಾಚಿಗೆ ಬಿದ್ದವರೋ ಡೆಮೊದಲ್ಲಿ ಕಂಡ ಶಿಕ್ಷಕಿ ಸಿಗದವರೋ ಆಗಿರುತ್ತಾರೆ. ಇಷ್ಟಾದರೂ 6,500 ಮುಟ್ಟಲಿಲ್ಲ. ಸೇರುವವರಲ್ಲಿ ಮೂರನೇ ಒಂದು ಪಾಲು ಹಳೆಯ ಪೋಷಕರ ಮಾತು ಕೇಳಿ ಬಂದು, ಹೇಳಿಕಳಿಸಿದವರಿಗೆ ಸಾವಿರ ರೂಪಾಯಿ ರಿಯಾಯಿತಿ ಕೊಟ್ಟರೆ, ಸರಾಸರಿ ಖರ್ಚು 4,670ಕ್ಕೆ ಇಳಿದು ಕೂದಲೆಳೆಯಲ್ಲಿ ಲಾಭ. ಅದೂ ಕಚೇರಿ ಬಾಡಿಗೆ, ಮ್ಯಾನೇಜರ್ ಸಂಬಳ ಬಿಟ್ಟು.

ಇಷ್ಟು ಪಾಡು ಬೇಡವೆಂದು ಹಲವರು ಹಿಡಿದ ಅಡ್ಡದಾರಿ, ವರ್ಷದ ಅಥವಾ ಎರಡು ಮೂರು ವರ್ಷದ ಶುಲ್ಕವನ್ನು ಒಟ್ಟಿಗೆ, ಬೇಕಾದರೆ ಸಾಲ ಕೊಡಿಸಿಯಾದರೂ ವಸೂಲು ಮಾಡುವುದು. ಮಗು ಬಿಟ್ಟರೂ ಪುಸ್ತಕದಲ್ಲಿ ಬಿಟ್ಟಂತೆ ಕಾಣುವುದಿಲ್ಲ. ಬೆಂಗಳೂರಿನ ಬೈಜೂಸ್ 2020–21ರ ಲೆಕ್ಕಪತ್ರವನ್ನು ಬಹಳ ತಡವಾಗಿ, 2022ರ ಸೆಪ್ಟೆಂಬರ್‌ನಲ್ಲಿ ಹೊರಗಿಟ್ಟಾಗ ನಷ್ಟ 4,588 ಕೋಟಿ ರೂಪಾಯಿ. ಆದಾಯದ ಒಂದಷ್ಟು ಭಾಗವನ್ನು ಮುಂದಿನ ವರ್ಷಗಳಿಗೆ ದಾಟಿಸಬೇಕಾಗಿ ಬಂದದ್ದು ಅದಕ್ಕೊಂದು ಕಾರಣ ಎಂದು ಕಂಪನಿಯೇ ಹೇಳಿತು. ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು, ಫುಟ್‌ಬಾಲ್ ವಿಶ್ವಕಪ್ ಪ್ರಾಯೋಜಕತ್ವದಂಥ ಖರ್ಚುಗಳೂ ಇದ್ದವು. 2024ರ ಜುಲೈನಲ್ಲಿ ಅದನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿದ್ದು ಬಿಸಿಸಿಐಯ ಬಾಕಿಯ ಅರ್ಜಿಯ ಮೇಲೆಯೇ.

ಮುಂಗಡ ಕಟ್ಟಿಸಿಕೊಂಡ ಕಂಪನಿಯಲ್ಲಿ ಮಗು ಉಳಿದಿದೆಯೋ ಇಲ್ಲವೋ ತಿಳಿಯಲು ರಸೀದಿ ನೋಡಿ ಪ್ರಯೋಜನವಿಲ್ಲ, ಹಾಜರಿ ನೋಡಬೇಕು. ಮೂರು ವಾರ ಲಾಗಿನ್ ಆಗದ ಮಗು, ಕಾಗದದ ಮೇಲೆ ಇನ್ನೂ ಎಂಟು ತಿಂಗಳು ಬಾಕಿ ಇದ್ದರೂ, ಬಿಟ್ಟುಹೋದ ಲೆಕ್ಕವೇ. ಅದರ ತಂದೆ ಹಣ ವಾಪಸು ಕೇಳಿಕೊಂಡು ಫೋನ್ ಮಾಡುವುದಷ್ಟೇ ಬಾಕಿ.